ಲಗ್ನಪತ್ರಿಕೆಯ ಅಂಚು ಬರೆಸುವ ಪ್ರಾಂಪ್ಟ್ ಸಂಗ್ರಹ: ಕೊಂಡು ಎರಡು ವರ್ಷವಾದ ಮೇಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಮದುವೆಯ ಮುಹೂರ್ತಗಳಿರುವ ತಿಂಗಳುಗಳಲ್ಲಿ ಲಗ್ನಪತ್ರಿಕೆ, ಉಳಿದ ದಿನಗಳಲ್ಲಿ ಬಿಲ್ ಪುಸ್ತಕ, ಬ್ಯಾನರ್ ಮತ್ತು ಹಬ್ಬದ ಶುಭಾಶಯ ಪತ್ರಗಳ ಕೆಲಸ ನಡೆಯುತ್ತದೆ. ಎರಡು ವರ್ಷಗಳ ಹಿಂದೆ, ಬರೆದು ಕೊಟ್ಟ ವಿವರಣೆಯಿಂದ ಚಿತ್ರ ತಯಾರಿಸುವ ಒಂದು ಸೇವೆಗೆ ಚಂದಾದಾರನಾದೆ. ಅದರ ಜೊತೆಗೆ ಹಬ್ಬ ಮತ್ತು ಮದುವೆಯ ಕಾರ್ಡುಗಳಿಗೆಂದೇ ಸಿದ್ಧಪಡಿಸಿದ್ದ ಪ್ರಾಂಪ್ಟ್‌ಗಳ ಒಂದು ಸಂಗ್ರಹವನ್ನೂ ದುಡ್ಡು ಕೊಟ್ಟು ಕೊಂಡೆ. ಚಂದಾವನ್ನು ಇಂದಿಗೂ ಮುಂದುವರಿಸಿದ್ದೇನೆ. ಪ್ರಾಂಪ್ಟ್ ಸಂಗ್ರಹವನ್ನು ಮಾತ್ರ ತೆರೆದು ನೋಡದೆ ಒಂದು ವರ್ಷದ ಮೇಲಾಯಿತು. ಹೀಗೇಕಾಯಿತು ಎಂಬುದನ್ನು ಇದೇ ವೃತ್ತಿಯಲ್ಲಿರುವವರಿಗೆ ಉಪಯೋಗವಾಗುವಷ್ಟು ವಿವರವಾಗಿ ಬರೆಯುತ್ತೇನೆ.

ಸಂಗ್ರಹದಲ್ಲಿದ್ದ ಪ್ರಾಂಪ್ಟ್‌ಗಳು ಹೆಚ್ಚು ಕಡಿಮೆ ಒಂದೇ ಅಚ್ಚಿನವು. ಅವುಗಳ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗಿರುತ್ತದೆ:

```
royal Indian wedding invitation card, ornate gold border,
flowers, blank space for names
```

ಓದಲು ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಇದರಿಂದ ಬಂದ ಚಿತ್ರಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಮೊದಲನೆಯದು, ಖಾಲಿ ಇರಬೇಕಾದ ನಡುಭಾಗದಲ್ಲಿ ಯಾವ ಭಾಷೆಯದೂ ಅಲ್ಲದ ಬಳ್ಳಿ ಅಕ್ಷರಗಳು ಮೂಡುತ್ತಿದ್ದವು. ಎರಡನೆಯದು, ಬರೀ ಅಂಚಿನ ಬದಲು, ಮೇಜಿನ ಮೇಲೆ ಇಟ್ಟು ಫೋಟೊ ತೆಗೆದಂತಹ ಇಡೀ ಕಾರ್ಡೇ ಬರುತ್ತಿತ್ತು. ಪಕ್ಕದಲ್ಲಿ ಗುಲಾಬಿ ದಳ, ಕೆಳಗೆ ನೆರಳು, ಕೆಲವೊಮ್ಮೆ ಒಂದು ಪೆನ್ನು ಸಹ. ಕಾರಣ ತಿಳಿಯಲು ನನಗೆ ಕೆಲವು ತಿಂಗಳೇ ಹಿಡಿದವು. ಆಮಂತ್ರಣ ಪತ್ರಿಕೆ ಎಂಬ ಮಾತಿನೊಂದಿಗೆ ಈ ಯಂತ್ರ ಕಲಿತ ಚಿತ್ರಗಳಲ್ಲೆಲ್ಲ ಬರಹ ಇದ್ದೇ ಇತ್ತು. ಹೀಗಾಗಿ ಆ ಪದ ಬಂದ ಕೂಡಲೇ ಅಕ್ಷರವೂ ಬರುತ್ತದೆ. ಹೆಸರಿಗೆ ಜಾಗ ಬಿಡು ಎಂದರೆ, ಅದಕ್ಕೆ ಕೇಳಿಸುವುದು ಜಾಗವಲ್ಲ, ಹೆಸರು. ಅಕ್ಷರ ಬೇಡ ಎಂದು ಮುಖ್ಯ ಪ್ರಾಂಪ್ಟ್‌ನಲ್ಲಿ ಸೇರಿಸಿದರೆ ಎಷ್ಟೋ ಸಲ ಅಕ್ಷರಗಳು ಇನ್ನೂ ಹೆಚ್ಚುತ್ತಿದ್ದವು. ಬೇಡವಾದದ್ದನ್ನು ಬರೆಯಲು ಪ್ರತ್ಯೇಕ ಪೆಟ್ಟಿಗೆಯಿರುವ ಸೇವೆಯಾದರೆ ಅದನ್ನು ಅಲ್ಲಿಯೇ ಬರೆಯಬೇಕು. ಮುಖ್ಯ ವಿವರಣೆಯಲ್ಲಿ ಕಾರ್ಡ್, ಆಮಂತ್ರಣ, ಹೆಸರು ಎಂಬ ಪದಗಳ ಸುಳಿವೇ ಇರಬಾರದು.

ಇನ್ನು ಎಷ್ಟು ಜಾಗ ಬೇಕು ಎಂಬ ಪ್ರಶ್ನೆ. ಸಂಗ್ರಹವನ್ನು ಮಾಡಿದವರ ಕಣ್ಣ ಮುಂದಿದ್ದದ್ದು ವಧೂವರರ ಎರಡು ಹೆಸರು, ದಿನಾಂಕ ಮತ್ತು ಸ್ಥಳ ಮಾತ್ರ ಇರುವ ಕಾರ್ಡು. ನಮ್ಮಲ್ಲಿ ಮನೆದೇವರ ಪ್ರಸನ್ನದಿಂದ ಹಿಡಿದು ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ, ಲಗ್ನ, ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು, ಆರತಕ್ಷತೆಯ ವೇಳೆ, ಕೊನೆಗೆ ಸುಖಾಗಮನ ಬಯಸುವವರ ಪಟ್ಟಿಯವರೆಗೆ ಎಲ್ಲವೂ ಒಂದೇ ಪುಟದಲ್ಲಿ ಕೂರಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಡಬೇಕಾಗುತ್ತದೆ. ಪುಟದ ಮೂರನೇ ಎರಡು ಭಾಗವಾದರೂ ಬೋಳಾಗಿ ಉಳಿಯದಿದ್ದರೆ, ಅಕ್ಷರವನ್ನು ಚಿಕ್ಕದು ಮಾಡಿ ಮಾಡಿ, ಕಡೆಗೆ ಹಿರಿಯರು ಕನ್ನಡಕ ಹುಡುಕುವ ಸ್ಥಿತಿ ಬರುತ್ತದೆ.

ಕಳೆದ ವೈಶಾಖದಲ್ಲಿ ಮಾಡಿದ ಒಂದು ಪತ್ರಿಕೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಅಡಿಕೆ ತೋಟದ ಮನೆಯವರು. ಎರಡೂ ಬದಿಗೆ ಗೊನೆ ಬಿಟ್ಟ ಬಾಳೆಕಂಬ, ಮೇಲೆ ಮಾವಿನ ತೋರಣ, ಅದರ ನಡುವೆ ಹಿಂಗಾರ ಬೇಕೆಂದು ಕೇಳಿದರು. ಅಳತೆ 5 ಇಂಚು ಅಗಲ, 7 ಇಂಚು ಎತ್ತರ. ಕತ್ತರಿಸುವಾಗ ಬಿಳಿ ಅಂಚು ಕಾಣದಿರಲು ನಾಲ್ಕೂ ಕಡೆ ಇಂಚಿನ ಎಂಟನೇ ಒಂದು ಭಾಗ ಹೆಚ್ಚಿಗೆ ಬಿಡುವುದರಿಂದ ಕಡತದ ಅಳತೆ 5.25 ಗುಣಿಸು 7.25 ಇಂಚು ಆಗುತ್ತದೆ. ನಾನು ಬಳಸುವ ಸೇವೆ ಕೊಡುವ ಉದ್ದನೆಯ ಚಿತ್ರ 1024 ಗುಣಿಸು 1536 ಪಿಕ್ಸೆಲ್. ಅದನ್ನು ಕಾರ್ಡಿನ ಅಳತೆಗೆ ಹೊಂದಿಸಿದರೆ ಮೇಲೆ ಕೆಳಗೆ ಸುಮಾರು 60 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ, ಅಂದರೆ ತೋರಣದ ಅರ್ಧಭಾಗವೇ ಹೋಗುತ್ತದೆ. ಉಳಿದ ಚಿತ್ರವೂ ಇಂಚಿಗೆ 195 ಪಿಕ್ಸೆಲ್ ಮಾತ್ರ. ಮುದ್ರಣಾಲಯದವರು ಕೇಳುವುದು 300. ಇಷ್ಟಲ್ಲದೆ, ಯಂತ್ರ ಬರೆದ ಇಡೀ ಅಂಚಿನಲ್ಲಿ ನಾಲ್ಕು ಮೂಲೆಗಳು ಎಂದೂ ಒಂದೇ ರೀತಿ ಇರುವುದಿಲ್ಲ. ಎಡಗಡೆ ಐದು ದಳದ ಹೂವಿದ್ದರೆ ಬಲಗಡೆ ಏಳು ದಳ. ಪರದೆಯ ಮೇಲೆ ಕಾಣದ ಈ ವ್ಯತ್ಯಾಸ ಪ್ರೂಫ್ ಬಂದಾಗ ಕಣ್ಣಿಗೆ ಚುಚ್ಚುತ್ತದೆ.

ಈ ಮೂರೂ ತೊಂದರೆಗಳಿಗೆ ಒಂದೇ ಉಪಾಯ ಸಾಕಾಯಿತು: ಇಡೀ ಅಂಚನ್ನು ಕೇಳದೆ, ಕಾಲುಭಾಗವನ್ನಷ್ಟೇ ಕೇಳುವುದು.

```
flat ornamental corner, top left only, banana plant with fruit
bunch along left edge, string of mango leaves along top edge,
cream sprays of tiny beads, plain ivory background,
lower right area empty, flat colours
```

ಬೇಡವಾದವುಗಳ ಪೆಟ್ಟಿಗೆಯಲ್ಲಿ ಇದನ್ನು ಬರೆದೆ:

```
text, letters, card, table, people, shadow, metallic shine
```

ಬಂದ ಚಿತ್ರವನ್ನು ಕತ್ತರಿಸಿ, ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ತಿರುಗಿಸಿ ಜೋಡಿಸಿದರೆ ಎಡ ಬಲಗಳು ಕೂದಲೆಳೆಯಷ್ಟೂ ಬೇರೆಯಾಗುವುದಿಲ್ಲ. ಕಾಲುಭಾಗಕ್ಕೇ 1024 ಪಿಕ್ಸೆಲ್ ಅಗಲ ಸಿಗುವುದರಿಂದ ಇಂಚಿಗೆ 390 ಪಿಕ್ಸೆಲ್ ದೊರೆಯುತ್ತದೆ; ಚಿತ್ರವನ್ನು ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಬರೀ ಹೂಬಳ್ಳಿಯ ಅಂಚಾಗಿದ್ದರೆ ಇದನ್ನೇ ಕೆಳಕ್ಕೂ ತಿರುಗಿಸಿ ಕೆಲಸ ಮುಗಿಸಬಹುದಿತ್ತು. ಬಾಳೆಗಿಡವನ್ನು ತಲೆಕೆಳಗು ಮಾಡುವಂತಿಲ್ಲವಾದ್ದರಿಂದ, ಗಿಡದ ಬುಡವಿರುವ ಕೆಳಗಿನ ಕಾಲುಭಾಗವನ್ನು ಬೇರೆಯಾಗಿ ತರಿಸಿ, ಎರಡನ್ನೂ ದಿಂಡಿನ ನಡುವೆ ಸೇರಿಸಿದೆ. ದಿಂಡು ನೇರವಾಗಿ, ನುಣುಪಾಗಿ ಇರುವುದರಿಂದ ಬೆಸುಗೆ ಅಲ್ಲಿ ಸುಲಭವಾಗಿ ಮರೆಯಾಗುತ್ತದೆ. ಎರಡೂ ಚಿತ್ರಗಳ ಹಸಿರು ಸರಿಹೊಂದಿಸಲು ಮಾತ್ರ ಸ್ವಲ್ಪ ಸಮಯ ಕೊಡಬೇಕಾಯಿತು.

ಗೊನೆಯ ವಿಷಯದಲ್ಲಿ ಹತ್ತಾರು ಚಿತ್ರಗಳನ್ನು ಎಸೆದಿದ್ದೇನೆ. ಯಂತ್ರ ಬರೆಯುವುದು ಅಂಗಡಿಯಲ್ಲಿ ತೂಗುಹಾಕಿದ ಹಣ್ಣಿನ ಚಿಪ್ಪನ್ನು; ಗಿಡದಲ್ಲಿರುವ ಗೊನೆಯ ಕಾಯಿಗಳು ಮೇಲ್ಮುಖವಾಗಿ ಬಾಗಿ, ದಂಟಿನ ತುದಿಯಲ್ಲಿ ಹೂವಿನ ಮೊಗ್ಗು ತೂಗುತ್ತಿರುತ್ತದೆ. ತೋಟದ ಮನೆಯವರು ಮೊದಲ ಕರಡಿನಲ್ಲೇ ಇದನ್ನು ಹಿಡಿದರು. ಹಿಂಗಾರವಂತೂ ಈ ಯಂತ್ರಕ್ಕೆ ಗೊತ್ತೇ ಇಲ್ಲ. ಅಡಿಕೆಯ ಹೂಗೊಂಚಲು ಎಂದು ಇಂಗ್ಲಿಷಿನಲ್ಲಿ ಬರೆದರೆ ಗೋಧಿ ತೆನೆ ಬಂತು. ಹೆಸರನ್ನು ಬಿಟ್ಟು ಕಣ್ಣಿಗೆ ಕಾಣುವುದನ್ನಷ್ಟೇ, ಕೆನೆಬಣ್ಣದ ಸಣ್ಣ ಮಣಿಗಳ ಎಳೆಗಳು ಎಂದು ಬರೆದ ಮೇಲೆಯೇ ಹಿಂಗಾರದಂತಹುದು ಸಿಕ್ಕಿತು. ಯುಗಾದಿ ಕಾರ್ಡಿನ ಬೇವಿಗೂ ಇದೇ ಮಾತು ಅನ್ವಯಿಸುತ್ತದೆ: ಎಲೆಯ ಅಂಚು ಗರಗಸದಂತಿರಬೇಕು ಎಂದು ಹೇಳದಿದ್ದರೆ ಕರಿಬೇವಿನ ಎಸಳು ಬಂದು ಕೂರುತ್ತದೆ. ಭಾರತೀಯ ಎಂಬ ಪದವನ್ನು ಕೈಬಿಟ್ಟದ್ದರಿಂದಲೂ ಬಹಳ ಲಾಭವಾಯಿತು. ಆ ಪದವಿದ್ದರೆ ರಾಜಸ್ಥಾನದ ಕಮಾನು, ನವಿಲು, ಅಂಬಾರಿಯ ಆನೆ ಹೇಳದೆಯೇ ಹಾಜರಾಗುತ್ತವೆ.

ಕನ್ನಡಿಯಂತೆ ತಿರುಗಿಸುವಾಗ ಒಂದು ಎಚ್ಚರ ಬೇಕು. ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ ಮೂಲೆಯ ಸ್ವಸ್ತಿಕವನ್ನೂ ಅಂಚಿನೊಂದಿಗೇ ತಿರುಗಿಸಿಬಿಟ್ಟಿದ್ದೆ. ಬಲಗಡೆಯದು ಅಪಸವ್ಯವಾಗಿ ನಿಂತಿತ್ತು. ಪ್ರೂಫ್ ನೋಡಿದ ಪುರೋಹಿತರು ಏನೂ ಬೈಯದೆ ಬೆರಳಿಟ್ಟು ತೋರಿಸಿದರು, ಅದೇ ಸಾಕಾಯಿತು. ಗಣಪತಿಯೂ ಹಾಗೆಯೇ, ಎಡಮುರಿಯವನು ಬಲಮುರಿಯಾಗುತ್ತಾನೆ, ಮುರಿದ ದಂತ ಆಚೆ ಬದಿಗೆ ಹೋಗುತ್ತದೆ. ಯಂತ್ರ ಬರೆದ ಗಣಪತಿಯಲ್ಲಿ ಕೈಗಳ ಲೆಕ್ಕವೂ ತಪ್ಪುವುದರಿಂದ, ಈಗ ದೇವರ ಚಿತ್ರವನ್ನು ಅದರಿಂದ ಬರೆಸುವುದನ್ನೇ ನಿಲ್ಲಿಸಿ, ಅಂಗಡಿಯಲ್ಲಿದ್ದ ಹಳೆಯ ರೇಖಾಚಿತ್ರವನ್ನು ಕೊನೆಯಲ್ಲಿ ಇಡುತ್ತೇನೆ.

ಹೊಂಬಣ್ಣ ಸಂಗ್ರಹದ ಪ್ರತಿಯೊಂದು ಪ್ರಾಂಪ್ಟ್‌ನಲ್ಲೂ ಇತ್ತು. ಪರದೆಯ ಮೇಲೆ ಹೊಳೆಯುವ ಆ ಬಣ್ಣ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಸಾಸಿವೆ ಮೆತ್ತಿದಂತೆ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಹಬ್ಬದ ಕಾರ್ಡಿಗೆ ಅದು ಸರಿ. ಕಾಗದದ ಮೇಲೆ ನಿಜವಾದ ಹೊಳಪು ಬೇಕೆಂದರೆ ಫಾಯಿಲ್ ಒತ್ತಿಸಬೇಕು. ಅದಕ್ಕೆ ಛಾಯೆಗಳಿಲ್ಲದ, ಅಚ್ಚ ಕಪ್ಪಿನ ಪ್ರತ್ಯೇಕ ಕಡತ ಬೇಕು. ಚಪ್ಪಟೆ ಬಣ್ಣದ ಚಿತ್ರವನ್ನು ಕೇಳಿದ್ದರೆ ಅದರಿಂದ ಆ ಕಪ್ಪು ಕಡತವನ್ನು ತೆಗೆಯಬಹುದು. ಹೊಳಪಿನ ಚಿತ್ರದಿಂದ ಸಾಧ್ಯವಿಲ್ಲ. ಹಾಗೆಯೇ ನಾಲ್ಕು ಮೂಲೆಗಳಲ್ಲಿ ಬೆರಳಗಲ ತಿಳಿಬಣ್ಣ ಬಿಡುವುದನ್ನು ರೂಢಿಸಿಕೊಂಡಿದ್ದೇನೆ. ಮನೆಯವರು ಪತ್ರಿಕೆ ಹಂಚುವ ಮೊದಲು ಅರಿಶಿನ ಕುಂಕುಮ ಹಚ್ಚುವುದು ಅಲ್ಲಿಯೇ, ಗಾಢ ಕೆಂಪು ಮೂಲೆಯಲ್ಲಿ ಅದು ಕಾಣುವುದಿಲ್ಲ.

ಅಕ್ಷರಗಳನ್ನಂತೂ ಎಂದೂ ಯಂತ್ರದಿಂದ ಬರೆಸಬಾರದು. ಹೊಸ ಆವೃತ್ತಿಗಳು ಇಂಗ್ಲಿಷ್ ಹೆಸರನ್ನು ಸರಿಯಾಗಿ ಬರೆಯುತ್ತವೆ. ಕನ್ನಡದಲ್ಲಿ ಒತ್ತು ಜಾರುವುದು, ದೀರ್ಘ ಮಾಯವಾಗುವುದು ನನ್ನ ಕೆಲಸದಲ್ಲಿ ಇನ್ನೂ ನಿಂತಿಲ್ಲ. ಮೇಲ್ನೋಟಕ್ಕೆ ಸರಿಯಾಗಿ ಕಾಣುವ ತಪ್ಪೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಐನೂರು ಪ್ರತಿ ಅಚ್ಚಾದ ಮೇಲೆ ಪತ್ತೆಯಾಗುತ್ತದೆ.

ಈ ಸೇವೆಯಿಂದ ಆಗದ ಕೆಲಸವೆಂದರೆ ಹಸೆ ಚಿತ್ತಾರ. ದೀವರ ಮನೆಗಳಲ್ಲಿ ಮದುವೆಗೆಂದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಈ ಚಿತ್ರದ ಜೀವ ಅದರ ಎಳೆಗಳ ಲೆಕ್ಕದಲ್ಲಿದೆ. ಯಾವ ರೀತಿ ಬರೆದು ಕೇಳಿದರೂ ನನಗೆ ಬಂದದ್ದು ಮಹಾರಾಷ್ಟ್ರದ ವಾರ್ಲಿ ಗೊಂಬೆಗಳು, ಇಲ್ಲವೇ ಎಳೆ ನಡುವೆಯೇ ತುಂಡಾದ ಜಾಲರಿ. ಅಂತಹ ಅಂಚು ಬೇಕೆನ್ನುವವರಿಗೆ ಪಕ್ಕದ ಊರಿನ ಒಬ್ಬ ಅಕ್ಕ ಕಾಗದದ ಮೇಲೆ ಒಂದು ಮೂಲೆಯನ್ನು ಬರೆದುಕೊಡುತ್ತಾರೆ. ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬಾಳೆಕಂಬಕ್ಕೆ ಮಾಡಿದಂತೆಯೇ ತಿರುಗಿಸಿ ಜೋಡಿಸುತ್ತೇನೆ. ಅವರ ಸಂಭಾವನೆಯನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ತೋರಿಸುತ್ತೇನೆ.