32 ಗಂಟೆ ಸರ್ವೆ ತುಂಬಿದೆ, ಕೈಗೆ ಬಂದಿದ್ದು ಸೊನ್ನೆ

ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೆಯುತ್ತೇನೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಮನೆಯಲ್ಲಿ ಕೂತು ನಾಲ್ಕು ಕಾಸು ಮಾಡೋಣ ಅಂದುಕೊಂಡವರು ನನ್ನ ಹಾಗೆ ಬೇಕಾದಷ್ಟು ಜನ ಇದ್ದೀರಿ, ನನಗೆ ಗೊತ್ತು.

ಕಂಪನಿಗಳ ಸರ್ವೆಯ ಪ್ರಶ್ನೆಗಳಿಗೆ ಆನ್‌ಲೈನಿನಲ್ಲಿ ಉತ್ತರ ತುಂಬಿದರೆ ಪಾಯಿಂಟ್ ಕೊಡುವ ಒಂದು ಸೈಟಿಗೆ ಸೇರಿದ್ದೆ. ಅದರ ಹೆಸರು ಬರೆಯಲ್ಲ. ಹೆಸರು ಬೇರೆ ಇದ್ದರೂ ಹೆಚ್ಚಿನವು ನಡೆಯೋದು ಇದೇ ದಾರಿಯಲ್ಲಿ. ಸೇರಿದ ಕೂಡಲೇ 500 ಪಾಯಿಂಟ್ ಬೋನಸ್ ಕೊಟ್ಟರು. ಹತ್ತು ಪಾಯಿಂಟಿಗೆ ಒಂದು ರೂಪಾಯಿ. 5,000 ಪಾಯಿಂಟ್ ಆದರೆ 500 ರೂಪಾಯಿಯ ಗಿಫ್ಟ್ ವೋಚರ್. ಅದಕ್ಕಿಂತ ಒಂದು ಪಾಯಿಂಟ್ ಕಡಿಮೆ ಇದ್ದರೂ ತೆಗೆಯೋಕೆ ಬರಲ್ಲ. ಮೊದಲ ಸರ್ವೆಯ ಮೇಲೆ "15 ನಿಮಿಷ, 150 ಪಾಯಿಂಟ್" ಅಂತ ಇತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 15 ನಿಮಿಷಕ್ಕೆ 15 ರೂಪಾಯಿ, ಗಂಟೆಗೆ 60. ದಿನಕ್ಕೆ ಎರಡು ಗಂಟೆ ಕೂತರೆ ತಿಂಗಳಿಗೆ ಮೂರೂವರೆ ಸಾವಿರ. ಅದೇ ದಿನ ಯಜಮಾನರಿಗೂ ಹೇಳಿಬಿಟ್ಟೆ. ಅಲ್ಲೇ ಎಡವಿದ್ದು.

ಆ 15 ನಿಮಿಷದ ಲೆಕ್ಕ ಪೂರ್ತಿ ಮುಗಿಸಿದ ಸರ್ವೆಗೆ ಮಾತ್ರ. ಒಳಗೆ ಹೋದ ಕೂಡಲೇ ವಯಸ್ಸು, ಪಿನ್‌ಕೋಡ್, ಮನೆಯಲ್ಲಿ ಯಾರಾದರೂ ಜಾಹೀರಾತು ಕಂಪನಿಯಲ್ಲಿ ಇದ್ದಾರಾ, ಆರು ತಿಂಗಳಲ್ಲಿ ಯಾವ ಕಾರು ಕೊಳ್ಳುತ್ತೀರಿ ಅಂತ ಒಂದೊಂದೇ ಕೇಳುತ್ತಾರೆ. ಅವರಿಗೆ ಬೇಕಾದ ಗಿರಾಕಿ ನೀವಲ್ಲ ಅಂತ ಗೊತ್ತಾದರೆ "ಕ್ಷಮಿಸಿ, ನೀವು ಈ ಸರ್ವೆಗೆ ಅರ್ಹರಲ್ಲ" ಅಂತ ಹೊರಗೆ ಹಾಕುತ್ತಾರೆ. ಇಲ್ಲವೇ ಕೋಟಾ ತುಂಬಿದೆ ಅನ್ನುತ್ತಾರೆ. ಸರ್ವೆ ಮಾಡಿಸುವ ಕಂಪನಿ ದುಡ್ಡು ಕೊಡೋದು ಮುಗಿದ ಸರ್ವೆಗಳಿಗೆ. ಅಲ್ಲಿವರೆಗಿನ ನಿಮ್ಮ ಸಮಯ ಪುಕ್ಕಟೆ.

ಎರಡನೇ ವಾರದಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂದು ಮಂಗಳವಾರದ ಪುಟ ಹೀಗಿದೆ. ಬೆಳಿಗ್ಗೆ 10:20ಕ್ಕೆ ಕೂತೆ, 12:05ಕ್ಕೆ ಎದ್ದೆ. ಒಟ್ಟು ಏಳು ಸರ್ವೆ. ಐದರಲ್ಲಿ ಹೊರಗೆ ಹಾಕಿದರು, ಅದಕ್ಕೆ ಹೋದದ್ದು 47 ನಿಮಿಷ. ಒಂದರಲ್ಲಂತೂ 17 ನಿಮಿಷ ಉತ್ತರ ಕೊಟ್ಟ ಮೇಲೆ ಅರ್ಹರಲ್ಲ ಅಂದರು! ಮುಗಿಸಿದ್ದು ಎರಡು. 15 ನಿಮಿಷ ಅಂತ ಇದ್ದದ್ದು 22 ತೆಗೆದುಕೊಂಡಿತು, ಇನ್ನೊಂದು 19. ಉಳಿದ 17 ನಿಮಿಷ ಪುಟ ತೆರೆಯೋದಕ್ಕೆ, ಮತ್ತೆ ಅದೇ ವಯಸ್ಸು, ಅದೇ ಪಿನ್‌ಕೋಡ್ ತುಂಬೋದಕ್ಕೆ. ಸಿಕ್ಕಿದ್ದು 150, 110, ಹೊರಗೆ ಹಾಕಿದ್ದಕ್ಕೆ ಸಮಾಧಾನಕ್ಕೆ ತಲಾ 5. ಒಟ್ಟು 285 ಪಾಯಿಂಟ್. ಅಂದರೆ ಒಂದೂಮುಕ್ಕಾಲು ಗಂಟೆಗೆ 28 ರೂಪಾಯಿ 50 ಪೈಸೆ.

ಮಾರನೇ ದಿನ ನೋಡಿದರೆ 110 ವಾಪಸ್ ಹೋಗಿದೆ. "ಗುಣಮಟ್ಟ ಪರಿಶೀಲನೆಯಲ್ಲಿ ತಿರಸ್ಕೃತ" ಅಂತೆ. ಬೇಗ ತುಂಬಿದರೆ, ಅಥವಾ ಮಧ್ಯೆ "ಈ ಸಾಲಿನಲ್ಲಿ 'ಒಪ್ಪುವುದಿಲ್ಲ' ಒತ್ತಿ" ಅಂತ ಇಡುವ ಪರೀಕ್ಷೆಯ ಪ್ರಶ್ನೆ ತಪ್ಪಿದರೆ ಹೀಗೆ ಆಗುತ್ತದೆ. ನಾನು ಯಾವುದನ್ನು ತಪ್ಪಿದೆ ಅಂತ ಹೇಳಲೇ ಇಲ್ಲ. ಆ ದಿನದ ಸಂಪಾದನೆ ಗಂಟೆಗೆ 10 ರೂಪಾಯಿಗೆ ಇಳಿಯಿತು.

ಆಗಲೇ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟರಲ್ಲಿ 2,600 ಆಗಿತ್ತು. ಇಷ್ಟು ಬಂದಿದೆ, ಇನ್ನರ್ಧ ತಾನೇ ಅಂತ. ಗಡಿಯನ್ನು 5,000ಕ್ಕೆ ಇಡೋದೇ ಇದಕ್ಕೆ. ಬಿಟ್ಟವರ ಪಾಯಿಂಟ್ ಸೈಟಿನವರಿಗೇ ಉಳಿಯುತ್ತದೆ, ಬಿಡದವರು ಪುಕ್ಕಟೆ ದುಡಿಯುತ್ತಾರೆ.

26 ದಿನ, ಸುಮಾರು 32 ಗಂಟೆ. 5,000 ಮುಟ್ಟಿತು. ಬೋನಸ್ ಕಳೆದರೆ 450 ರೂಪಾಯಿಯ ದುಡಿಮೆ, ಗಂಟೆಗೆ 14 ರೂಪಾಯಿ. ನಮ್ಮ ಬೀದಿಯಲ್ಲಿ ಒಂದು ಸೀರೆಗೆ ಫಾಲ್ ಹಾಕಿಕೊಟ್ಟರೆ ನೂರು ರೂಪಾಯಿ ಕೊಡುತ್ತಾರೆ. ಸರಿ, ಆ 500 ಆದರೂ ಬರಲಿ ಅಂತ ರಿಡೀಮ್ ಒತ್ತಿದೆ. "ನಿಮ್ಮ ಖಾತೆ ಪರಿಶೀಲನೆಯಲ್ಲಿದೆ, 7ರಿಂದ 10 ಕೆಲಸದ ದಿನ ಕಾಯಿರಿ." 26 ದಿನ ನನ್ನಿಂದ ಉತ್ತರ ತೆಗೆದುಕೊಳ್ಳುವಾಗ ಯಾವ ಪರಿಶೀಲನೆಯೂ ಇರಲಿಲ್ಲ. ಒಂಬತ್ತನೇ ದಿನ ಲಾಗಿನ್ ಆಗಲಿಲ್ಲ. ಖಾತೆ ಮುಚ್ಚಿದ್ದರು.

ಮೇಲ್ ಹಾಕಿದೆ. ಮೊದಲ ಉತ್ತರ, "ನಿಮ್ಮ ತಾಳ್ಮೆಗೆ ಧನ್ಯವಾದ." ಅಷ್ಟೇ. ಮತ್ತೆ ಹಾಕಿದೆ. ಒಂದೇ ಇಂಟರ್ನೆಟ್ ಸಂಪರ್ಕದಿಂದ ಎರಡು ಖಾತೆ ನಡೆದಿವೆ, ಅದು ನಿಯಮ ಮೀರಿದ್ದು ಅಂತ ಉತ್ತರ ಬಂತು. ಆ ಎರಡನೇ ಖಾತೆ ನನ್ನ ನಾದಿನಿಯದು. ನಮ್ಮ ಮನೆಯಲ್ಲೇ ಇರುತ್ತಾಳೆ, ವೈಫೈ ಒಂದೇ. ಅವಳನ್ನು ಸೇರಿಸಿದ್ದು ಯಾಕೆ ಗೊತ್ತಾ? "ಮನೆಯವರನ್ನು, ಸ್ನೇಹಿತರನ್ನು ಕರೆತನ್ನಿ, 200 ಪಾಯಿಂಟ್ ಪಡೆಯಿರಿ" ಅಂತ ಅವರೇ ದಿನಾ ಪುಟದ ಮೇಲೆ ತೋರಿಸುತ್ತಿದ್ದರು! ಆ ಪುಟದ ಸ್ಕ್ರೀನ್‌ಶಾಟ್ ಕಳಿಸಿದೆ. ಮೂರನೇ ಉತ್ತರ, "ಈ ನಿರ್ಧಾರ ಅಂತಿಮ. ಟಿಕೆಟ್ ಮುಚ್ಚಲಾಗಿದೆ." ಅದರ ಬೆನ್ನಿಗೇ ಇನ್ನೊಂದು ಮೇಲ್. ನಮ್ಮ ಸೇವೆ ಹೇಗಿತ್ತು, ಎರಡು ನಿಮಿಷದ ಸರ್ವೆ ತುಂಬಿ ಅಂತ. ಅದಕ್ಕೆ ಪಾಯಿಂಟೂ ಇಲ್ಲ. ಕೂತು ಅತ್ತುಬಿಟ್ಟೆ, ಆಮೇಲೆ ನಗು ಬಂತು.

ಅದೇ ಸೈಟಿನಲ್ಲಿ ಆಟದ ಆಫರ್ ಇತ್ತು, 40ನೇ ಹಂತ ಮುಟ್ಟಿದರೆ 600 ರೂಪಾಯಿ. ಮೊದಲ ಹತ್ತು ಹಂತ ಒಂದೇ ಸಂಜೆಗೆ ಮುಗಿಯಿತು. ಆಮೇಲೆ ಒಂದೊಂದು ಹಂತಕ್ಕೆ ದಿನಗಟ್ಟಲೆ ಕಾಯಬೇಕು, ಇಲ್ಲವೇ ಆಟದೊಳಗೆ ದುಡ್ಡು ಕೊಟ್ಟು ಸಾಮಾನು ಕೊಳ್ಳಬೇಕು. ಅದನ್ನು ನಾಲ್ಕು ದಿನಕ್ಕೆ ಬಿಟ್ಟೆ. ಅಷ್ಟು ಬುದ್ಧಿ ಇತ್ತು.

ಹಾಗಾದರೆ ಯಾವುದೂ ಬೇಡವಾ? ಗೂಗಲ್ ಒಪಿನಿಯನ್ ರಿವಾರ್ಡ್ಸ್ ಫೋನಿನಲ್ಲಿ ಇರಲಿ. ಯಾವಾಗಲೋ ಒಮ್ಮೆ ಮೂರ್ನಾಲ್ಕು ಪ್ರಶ್ನೆ ಬರುತ್ತವೆ, ಒಂದು ನಿಮಿಷವೂ ಬೇಡ, ಕೆಲವು ರೂಪಾಯಿ ಬರುತ್ತದೆ. ಆದರೆ ಅದು ಪ್ಲೇ ಸ್ಟೋರಿನ ಕ್ರೆಡಿಟ್, ಕೈಗೆ ಬರುವ ದುಡ್ಡಲ್ಲ. ಒಂದು ವರ್ಷದಲ್ಲಿ ಬಳಸದಿದ್ದರೆ ಹೋಗುತ್ತದೆ. ಆನ್‌ಲೈನಿನಲ್ಲಿ ಚಿಕ್ಕಪುಟ್ಟ ಕೆಲಸ ಮಾಡಿಸುವ ಅಮೆಜಾನಿನ ಮೆಕ್ಯಾನಿಕಲ್ ಟರ್ಕ್ ಸೈಟಿನ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆಲಸಗಾರರ ಮಧ್ಯಮ ಸಂಪಾದನೆ ಗಂಟೆಗೆ ಸುಮಾರು 2 ಡಾಲರ್ ಮಾತ್ರ. ಕೆಲಸ ಹುಡುಕುವ ಸಮಯ, ತಿರಸ್ಕಾರವಾದ ಕೆಲಸ, ಇವೆಲ್ಲ ಸೇರಿಸಿದರೆ ಅಷ್ಟೇ. ನನ್ನ ನೋಟ್‌ಬುಕ್ಕಿನದೇ ಕಥೆ, ರೇಟು ಬೇರೆ. ಸಮಯಕ್ಕೆ ಬೆಲೆ ಇದೆ ಅನ್ನಿಸಿದ್ದು ಒಂದೇ, ಕನ್ನಡದಲ್ಲಿ ವಾಕ್ಯ ಓದಿ ಧ್ವನಿ ಕೊಡುವ ಕೆಲಸ. ಬೆಂಗಳೂರಿನ "ಕಾರ್ಯ" ಅನ್ನೋ ಸಂಸ್ಥೆ ಇಂಥದ್ದಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದೆ, ನಮ್ಮ ಹಳ್ಳಿಗಳಲ್ಲೇ ಮಾಡಿಸಿದೆ. ಆದರೆ ಆ ಕೆಲಸ ವರ್ಷವಿಡೀ ಇರಲ್ಲ. ಸಿಕ್ಕರೆ ಅದೃಷ್ಟ.

ಸೇರಲೇಬೇಕು ಅಂದರೆ ಕನಿಷ್ಠ ಎಷ್ಟಾದರೆ ದುಡ್ಡು ತೆಗೆಯಬಹುದು ಅಂತ ಮೊದಲು ನೋಡಿ, ಗಡಿ ಮುಟ್ಟಿದ ದಿನವೇ ತೆಗೆಯಿರಿ. ಮನೆಯವರನ್ನು ಮಾತ್ರ ಸೇರಿಸಬೇಡಿ. ವಾಟ್ಸಾಪಿನಲ್ಲಿ ಯಾರೋ ಬಂದು ವಿಡಿಯೋಗೆ ಲೈಕ್ ಕೊಟ್ಟರೆ 50 ರೂಪಾಯಿ ಅಂತ, ಆಮೇಲೆ ಮುಂದಿನ ಟಾಸ್ಕ್‌ಗೆ ನೀವು ಇಷ್ಟು ಕಟ್ಟಿ ಅಂದರೆ, ಅದು ಸರ್ವೆಯೂ ಅಲ್ಲ, ಕೆಲಸವೂ ಅಲ್ಲ, ಶುದ್ಧ ಕಳ್ಳತನ. ಕಟ್ಟಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಮಾಷೆ ಏನು ಗೊತ್ತಾ? ನಾದಿನಿಯ ಖಾತೆ ಇನ್ನೂ ತೆರೆದೇ ಇದೆ. ಅದೇ ವೈಫೈ, ಅದೇ ನಿಯಮ, ಆದರೆ ಅವಳು ಇನ್ನೂ 5,000 ಮುಟ್ಟಿಲ್ಲ. ನಿನ್ನೆ 3,900 ದಾಟಿದೆ. ಬಿಡೇ ಅಂದರೆ, "ಇಷ್ಟು ಬಂದಿದೆ ಅಲ್ವಾ ಅತ್ತಿಗೆ, ಇನ್ನು ಸ್ವಲ್ಪ" ಅಂತಾಳೆ.