ಸಿಸ್ಟರ್ ಎಂದರೆ ಅಕ್ಕನೋ ತಂಗಿಯೋ? ಅನುವಾದ ಕಲಿಸಿದ ಮೂರು ದಾರಿಗಳು

ವಾಂತಿಭೇದಿಯಾದಾಗ ಕೊಡುವ ಓಆರ್‌ಎಸ್ ಪುಡಿಯ ಪೊಟ್ಟಣದ ಮೇಲೆ ಏಳೆಂಟು ಸಾಲಿನ ಇಂಗ್ಲಿಷ್ ಸೂಚನೆ ಇರುತ್ತದೆ. ಅದನ್ನು ಕನ್ನಡಕ್ಕೆ ತರಲು ನನ್ನ ಅಕ್ಕನ ಮಗಳಿಗೆ ಕೊಟ್ಟಿದ್ದೆ. ಅವಳು ಬರೆದು ತಂದದ್ದು ಹೀಗಿತ್ತು: ‘ಪೊಟ್ಟಣದ ಸಂಪೂರ್ಣ ವಿಷಯಗಳನ್ನು ಒಂದು ಲೀಟರ್ ಕುಡಿಯುವ ನೀರಿನಲ್ಲಿ ಕರಗಿಸಿ. ಬಳಸದ ಪರಿಹಾರವನ್ನು 24 ಗಂಟೆಗಳ ನಂತರ ತ್ಯಜಿಸಿ.’ ಕಂಟೆಂಟ್ಸ್ ಎಂಬುದು ವಿಷಯಗಳಾಗಿತ್ತು, ಸೊಲ್ಯೂಷನ್ ಎಂಬುದು ಪರಿಹಾರವಾಗಿತ್ತು.

ಈ ಹುಡುಗಿಗೆ ಎರಡು ಭಾಷೆಯೂ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಎರಡೂ. ಮಗುವಿಗೆ ಪರಿಹಾರ ಕುಡಿಸು ಎಂದು ಅವಳು ಕನಸಿನಲ್ಲೂ ಹೇಳಳು. ಕೈಗೆ ಪೆನ್ನು ಬಂದು, ಎದುರಿಗೆ ಇಂಗ್ಲಿಷ್ ಹಾಳೆ ಇದ್ದರೆ ಮಾತ್ರ ಹೀಗಾಗುತ್ತದೆ. ಅಂದರೆ ಕೊರತೆ ಭಾಷೆಯದಲ್ಲ, ಕಣ್ಣು ಒಂದು ಪದದಾಚೆ ಹೋಗದಿರುವುದೇ ತೊಂದರೆ. ಅದನ್ನು ಬಿಡಿಸಲು ಎರಡು ವರ್ಷಗಳಲ್ಲಿ ಮೂವರ ಮೇಲೆ ಮೂರು ಬಗೆಯ ಅಭ್ಯಾಸಕ್ರಮವನ್ನು ಪ್ರಯೋಗಿಸಿ ನೋಡಿದೆ. ಮೂವರ ಮೇಲಿನ ಪ್ರಯೋಗ ಏನನ್ನೂ ಸಾಬೀತು ಮಾಡುವುದಿಲ್ಲ, ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು.

ಮೊದಲನೆಯದು ಎಲ್ಲರಿಗೂ ತಟ್ಟನೆ ಹೊಳೆಯುವ ಮೆಟ್ಟಿಲು: ಪದ, ಪದಗುಚ್ಛ, ವಾಕ್ಯ, ಪ್ಯಾರಾ, ಕೊನೆಗೆ ಇಡೀ ಬರಹ. ಅನುವಾದ ತರಗತಿಗಳಲ್ಲಿ ಹೆಸರಾದ ಮೋನಾ ಬೇಕರ್ ಅವರ 1992ರ ಪಠ್ಯಪುಸ್ತಕವೂ ಪದದಿಂದಲೇ ಹೊರಟು ಮೇಲಕ್ಕೆ ಏರುತ್ತದೆ. ಭಾಷಾವಿಜ್ಞಾನದ ಹಿನ್ನೆಲೆ ಇಲ್ಲದವರಿಗೆ ಈ ಕ್ರಮ ಸುಲಭ ಎಂಬುದು ಅವರು ಕೊಡುವ ಕಾರಣ. ಅಕ್ಕನ ಮಗಳಿಗೆ ನಾನು ಕಲಿಸಿದ್ದು ಹೀಗೆಯೇ. ಮೂರು ವಾರ ಪದ ಮತ್ತು ಪದಗುಚ್ಛ, ಮೂರು ವಾರ ಬಿಡಿ ವಾಕ್ಯ, ಎರಡು ವಾರ ಪ್ಯಾರಾ.

ಲಾಭವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ‘ಯಾವ ಹುಡುಗನು ನಿನ್ನೆ ಬಂದನೋ ಅವನು’ ಎಂದು ಬರೆಯುತ್ತಿದ್ದವಳು ‘ನಿನ್ನೆ ಬಂದ ಹುಡುಗ’ ಎಂದು ಬರೆಯತೊಡಗಿದಳು. ‘ಸಮಿತಿಯಿಂದ ತೀರ್ಮಾನಿಸಲ್ಪಟ್ಟಿತು’ ಹೋಗಿ ‘ಸಮಿತಿ ತೀರ್ಮಾನಿಸಿತು’ ಬಂತು. ಇಂಗ್ಲಿಷ್ ವಾಕ್ಯದ ಬಾಲವನ್ನು ಹಿಡಿದು ಮುಂದಕ್ಕೆ ತರುವ ಈ ಕಸರತ್ತು ಬಿಡಿ ವಾಕ್ಯಗಳಲ್ಲೇ ಬೇಗ ಕೈಗೆ ಹತ್ತುತ್ತದೆ. ಆದರೆ ಏಳನೆಯ ವಾರ ಪ್ಯಾರಾ ಕೊಟ್ಟಾಗ ನನ್ನ ಲೆಕ್ಕ ತಪ್ಪಿತು. ಅವಳಿಗೆ ಪ್ಯಾರಾ ಎಂದರೆ ಆರು ಬಿಡಿ ವಾಕ್ಯಗಳ ಸಾಲು. ಪ್ರತಿ ವಾಕ್ಯವೂ ಹಿಂದಿನದರ ನೆನಪೇ ಇಲ್ಲದಂತೆ ಹೊಸದಾಗಿ ಶುರುವಾಗುತ್ತಿತ್ತು. ಮೊದಲ ಸಾಲಿನಲ್ಲಿ ‘ಅವಳು’ ಆಗಿದ್ದ ಹೆಂಗಸು ನಾಲ್ಕನೆಯ ಸಾಲಿನಲ್ಲಿ ಅಜ್ಜಿ ಎಂದು ತಿಳಿದ ಕೂಡಲೇ ‘ಅವರು’ ಆಗುತ್ತಿದ್ದರು. ಮೊದಲ ಸಾಲು ಮಾತ್ರ ಹಾಗೇ ಉಳಿಯುತ್ತಿತ್ತು.

ಕಲಿಯುವವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ತಿಳಿಯಲು ನನಗೆ ಸಿಕ್ಕ ಗುರುತು ಅವರ ಚಿತ್ತು. ಕರಡಿನಲ್ಲಿ ಹೊಡೆದುಹಾಕಿದ್ದೆಲ್ಲ ಒಂದೊಂದು ಪದವಾಗಿದ್ದು, ಅದರ ಮೇಲೆ ಇನ್ನೊಂದು ಪದ ಬರೆದಿದ್ದರೆ ಅವರಿನ್ನೂ ಪದದಲ್ಲೇ ಇದ್ದಾರೆ. ಎರಡು ವಾಕ್ಯ ಕೂಡಿಸಿದ್ದು, ಒಂದನ್ನು ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದು ಸಾಗಿಸಿದ್ದು, ಮೊದಲ ಸಾಲಿಗೆ ಮರಳಿ ತಿದ್ದಿದ್ದು ಕಂಡರೆ ಬರಹ ಕಣ್ಣಿಗೆ ಬಿದ್ದಿದೆ. ಎಂಟನೆಯ ವಾರದ ಕೊನೆಗೂ ಅವಳ ಹಾಳೆಯಲ್ಲಿ ಇದ್ದದ್ದು ಪದದ ಚಿತ್ತುಗಳೇ.

ಎರಡನೆಯ ದಾರಿ ಇದಕ್ಕೆ ತಿರುಗುಮುರುಗು. ನಮ್ಮ ಬೀದಿಯ ಹುಡುಗನೊಬ್ಬ, ಶಾಲೆಯಲ್ಲಿ ವಿಜ್ಞಾನ ಕಲಿಸುವವನು, ‘ಸರ್, ನನಗೂ ಹೇಳಿಕೊಡಿ’ ಎಂದು ಬಂದ. ಅವನಿಗೆ ಮೊದಲ ದಿನವೇ ಇಡೀ ಬರಹ ಕೊಟ್ಟೆ. ಮೂರು ಸಲ ಓದುವುದು, ಹಾಳೆ ಮುಚ್ಚುವುದು, ಇಂಗ್ಲಿಷ್ ಬಾರದ ತನ್ನ ತಾಯಿಗೆ ಅದನ್ನು ಹೇಳುವುದು, ಹೇಳಿದ್ದನ್ನು ಬರೆಯುವುದು, ಆಮೇಲೆ ಹಾಳೆ ತೆರೆದು ಹೋಲಿಸುವುದು. ಮೊದಲ ವಾರ ಐದು ಸಾಲಿನ ಬರಹ, ಆರನೆಯ ವಾರಕ್ಕೆ ಒಂದು ಪುಟ.

ಅದೇ ಓಆರ್‌ಎಸ್ ಸೂಚನೆಯನ್ನು ಅವನು ಬರೆದದ್ದು ಓದಿ ಖುಷಿಯಾಯಿತು: ‘ಪುಡಿಯನ್ನೆಲ್ಲ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ ಕರಗಿಸಿ. ವಾಂತಿಯಾದರೆ ನಿಧಾನವಾಗಿ ಕುಡಿಸಿ. ಉಳಿದದ್ದನ್ನು ಮಾರನೆಯ ದಿನ ಚೆಲ್ಲಿಬಿಡಿ.’ ವಿಷಯಗಳೂ ಇಲ್ಲ, ಪರಿಹಾರವೂ ಇಲ್ಲ. ತಾಯಿಯ ಮುಖ ನೋಡುತ್ತ ಹೇಳಿದವನ ಬಾಯಲ್ಲಿ ಅವು ಬರುವುದು ಸಾಧ್ಯವೂ ಇರಲಿಲ್ಲ. ಆದರೆ ನಾನು ಕೊಟ್ಟ ಇಂಗ್ಲಿಷ್‌ನಲ್ಲಿ ಇದ್ದದ್ದು, ವಾಂತಿಯಾದರೆ ಹತ್ತು ನಿಮಿಷ ಕಾದು ಆಮೇಲೆ ನಿಧಾನವಾಗಿ ಕುಡಿಸಬೇಕು ಎಂದು. ಹತ್ತು ನಿಮಿಷ ಹಾರಿಹೋಗಿತ್ತು. 24 ಗಂಟೆ ಎಂಬುದು ‘ಮಾರನೆಯ ದಿನ’ ಆಗಿತ್ತು. ರಾತ್ರಿ ಎಂಟಕ್ಕೆ ಕಲಸಿದ ನೀರಿಗೆ ಮಾರನೆಯ ದಿನ ಎಂದರೆ ಬೆಳಿಗ್ಗೆಯೋ ರಾತ್ರಿಯೋ ಓದಿದವರು ಹೇಗೆ ತಿಳಿಯಬೇಕು?

ನೆನಪಿನಿಂದ ಬರೆದರೆ ಸೋರುವುದು ಯಾವಾಗಲೂ ಇವೇ: ಸಂಖ್ಯೆ, ‘ಹೊರತು’ ‘ಮಾತ್ರ’ ಎಂಬ ಷರತ್ತು, ‘ಬೇಕು’ ‘ಬಹುದು’ಗಳ ನಡುವಿನ ಅಂತರ. ಕಥೆಯಲ್ಲಿ ಇಷ್ಟು ಸೋರಿದರೂ ತಡೆದುಕೊಳ್ಳಬಹುದು. ಔಷಧಿಯ ಚೀಟಿಯಲ್ಲಿ, ಬಾಡಿಗೆ ಕರಾರಿನಲ್ಲಿ ಆಗದು. ಇನ್ನೊಂದು ಮಾತು: ಈ ಹುಡುಗನ ಕನ್ನಡ ಮೊದಲೇ ಚೆನ್ನಾಗಿತ್ತು. ನನ್ನ ಕ್ರಮದಿಂದ ಅವನು ಕಲಿತದ್ದೆಷ್ಟು, ಬರುವಾಗಲೇ ತಂದದ್ದೆಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ.

ಮೂರನೆಯ ಕ್ರಮ ಹುಟ್ಟಿದ್ದು ಒಂದು ಸಣ್ಣ ಸಿಟ್ಟಿನಿಂದ. ಅಕ್ಕನ ಮಗಳು ಎಲ್ಲಿ ಸಿಸ್ಟರ್ ಬಂದರೂ ‘ಸಹೋದರಿ’ ಎಂದು ಬರೆಯುತ್ತಿದ್ದಳು. ನಮ್ಮ ಮನೆಯಲ್ಲಿ ಯಾರಿಗಾದರೂ ಸಹೋದರಿ ಇದ್ದಾಳೆಯೇ? ಅಕ್ಕ ಇದ್ದಾಳೆ, ತಂಗಿ ಇದ್ದಾಳೆ. ಕೇಳಿದರೆ ಅವಳು, ‘ಮಾವ, ಅಕ್ಕನೋ ತಂಗಿಯೋ ಈ ವಾಕ್ಯದಲ್ಲಿ ಎಲ್ಲಿ ಹೇಳಿದೆ?’ ಎಂದಳು. ಹೇಳಿರಲಿಲ್ಲ, ನಿಜ. ಐದು ವಾಕ್ಯ ಕೆಳಗೆ ಹೇಳಿತ್ತು.

ಆಗ ನನಗೆ ಹೊಳೆಯಿತು. ನಾನು ಅಭ್ಯಾಸಗಳನ್ನು ಉದ್ದದ ಲೆಕ್ಕದಲ್ಲಿ ಕಷ್ಟ ಮಾಡುತ್ತಾ ಹೋಗಿದ್ದೆ. ಕಷ್ಟವಾಗುವುದು ಉದ್ದದಿಂದಲ್ಲ, ದೂರದಿಂದ. ಒಂದು ಪದವನ್ನು ತೀರ್ಮಾನಿಸಲು ಬೇಕಾದ ಸುಳಿವು ಆ ಪದದಿಂದ ಎಷ್ಟು ದೂರದಲ್ಲಿದೆ ಎಂಬುದೇ ಮೆಟ್ಟಿಲು. ಹಾಗೆ ನಾಲ್ಕು ಹಂತ ಮಾಡಿದೆ. ಮೊದಲ ಹಂತದಲ್ಲಿ ಸುಳಿವು ಅದೇ ವಾಕ್ಯದಲ್ಲಿರುತ್ತದೆ. ಎರಡನೆಯದರಲ್ಲಿ ಹಿಂದಿನ ವಾಕ್ಯದಲ್ಲಿ: ಹಿಂದೆ ಪುಡಿ, ನೀರು ಬಂದಿದ್ದರೆ ಸೊಲ್ಯೂಷನ್ ಎಂಬುದು ಪರಿಹಾರವಾಗದು. ಮೂರನೆಯದರಲ್ಲಿ ಮುಂದೆಲ್ಲೋ. ನಾಲ್ಕನೆಯದರಲ್ಲಿ ಹಾಳೆಯ ಹೊರಗೆ, ಅಂದರೆ ಯಾರು, ಎಲ್ಲಿ, ಏಕೆ ಓದುತ್ತಾರೆ ಎಂಬುದರಲ್ಲಿ.

ಮೂರನೆಯ ಕಲಿಕೆಗಾರ್ತಿ ಪಿಯುಸಿ ಮುಗಿಸಿದ ಹುಡುಗಿ. ಅವಳಿಗೆ ನಾನೇ ಒಂಬತ್ತು ವಾಕ್ಯದ ಒಂದು ಇಂಗ್ಲಿಷ್ ಬರಹ ಮಾಡಿಕೊಟ್ಟೆ. ಸರಿತಾ ಅರಸೀಕೆರೆ ನಿಲ್ದಾಣದಲ್ಲಿ ರೈಲಿನಿಂದ ಇಳಿಯುತ್ತಾಳೆ. ಪ್ಲಾಟ್‌ಫಾರಂ ಮೇಲೆ ಅವಳ ಸಿಸ್ಟರ್ ಮತ್ತು ಅಂಕಲ್ ಕಾಯುತ್ತಿದ್ದಾರೆ. ಆಮೇಲೆ ಚೀಲ, ಆಟೋ, ಬಾಡಿಗೆಯ ಚೌಕಾಸಿ. ಏಳನೆಯ ವಾಕ್ಯದಲ್ಲಿ, ಚಿಕ್ಕಂದಿನಲ್ಲಿ ಇದೇ ಸಿಸ್ಟರ್ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದಳು ಎಂದು ಬರುತ್ತದೆ. ಎಂಟನೆಯದರಲ್ಲಿ ಆ ಅಂಕಲ್ ತನ್ನ ಅಕ್ಕನ, ಅಂದರೆ ಸರಿತಾಳ ತಾಯಿಯ ಆರೋಗ್ಯ ವಿಚಾರಿಸುತ್ತಾನೆ. ನಿಯಮ ಇಷ್ಟೇ: ಪೆನ್ನು ಮುಟ್ಟುವ ಮೊದಲು ಪೆನ್ಸಿಲ್‌ನಿಂದ ಬಾಣ ಎಳೆಯಬೇಕು. ತೀರ್ಮಾನವಾಗದ ಪದದಿಂದ ಹೊರಟು, ಅದನ್ನು ತೀರ್ಮಾನಿಸುವ ಜಾಗಕ್ಕೆ ಬಾಣ ಮುಟ್ಟಬೇಕು. ಸಿಸ್ಟರ್‌ನಿಂದ ಏಳನೆಯ ವಾಕ್ಯಕ್ಕೆ ಬಾಣ ಬಿತ್ತು, ಅಕ್ಕ ಎಂದಾಯಿತು. ಅಂಕಲ್‌ನಿಂದ ಎಂಟನೆಯದಕ್ಕೆ ಬಿತ್ತು, ಸೋದರಮಾವ ಎಂದಾಯಿತು. ಸೋದರಮಾವ ಎಂದಾದ ಮೇಲೆ ‘ಕಾಯುತ್ತಿದ್ದ’ ಎಂದು ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ, ‘ಕಾಯುತ್ತಿದ್ದರು’ ಎಂದು ಬರೆದಳು. ಕನ್ನಡದಲ್ಲಿ ಒಂದು ಪದದ ತೀರ್ಮಾನ ಹೀಗೆ ಕ್ರಿಯಾಪದದ ಬಾಲದವರೆಗೂ ಹರಿಯುತ್ತದೆ. ನಾಲ್ಕನೆಯ ವಾರದ ಅವಳ ಕರಡಿನಲ್ಲಿ ಮೊದಲ ಸಾಲಿಗೆ ಮರಳಿ ತಿದ್ದಿದ ಗುರುತು ಕಂಡಿತು. ಎಂಟು ವಾರ ಕಾದರೂ ಅಕ್ಕನ ಮಗಳ ಹಾಳೆಯಲ್ಲಿ ನಾನು ಕಾಣದಿದ್ದದ್ದು ಅದೇ.

ನಾಲ್ಕನೆಯ ಹಂತಕ್ಕೆ ಮತ್ತೆ ಓಆರ್‌ಎಸ್ ಪೊಟ್ಟಣ. ಇಂಗ್ಲಿಷ್‌ನಲ್ಲಿ ‘ಅಡ್ಮಿನಿಸ್ಟರ್’ ಎಂದು ಬರೆದರೆ ಕುಡಿಯುವವರು ಯಾರು, ಓದುವವರು ಯಾರು ಎಂದು ಹೇಳದೆ ದಾಟಬಹುದು. ಕನ್ನಡದಲ್ಲಿ ‘ಕುಡಿಯಿರಿ’ ಅಥವಾ ‘ಕುಡಿಸಿ’, ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆ ಬಾಣ ಹಾಳೆಯ ಅಂಚು ದಾಟಿ ಹೊರಗೆ ಹೋಯಿತು. ಅಂಚಿನಲ್ಲಿ ಅವಳು ‘ತಾಯಿ ಓದುತ್ತಾಳೆ, ಮಗು ಕುಡಿಯುತ್ತದೆ’ ಎಂದು ಬರೆದಳು. ಸಂಖ್ಯೆಗಳು ಒಂದೂ ತಪ್ಪಲಿಲ್ಲ, ಏಕೆಂದರೆ ಹಾಳೆ ಕಣ್ಣೆದುರೇ ಇತ್ತು.

ಈ ಕ್ರಮದ ಬೆಲೆಯನ್ನೂ ಹೇಳಿಬಿಡುತ್ತೇನೆ. ತಕ್ಕ ಬರಹ ಹುಡುಕಿದರೆ ಸಿಗುವುದಿಲ್ಲ, ಕಲಿಸುವವರೇ ಬರೆಯಬೇಕು. ಒಂದು ಹಾಳೆಗೆ ನನ್ನ ಒಂದು ಸಂಜೆ ಹೋಗುತ್ತಿತ್ತು. ಎರಡನೆಯ ತೊಂದರೆ ಬಾಣದ ಚಟ. ಐದನೆಯ ವಾರದಲ್ಲಿ ಹುಡುಗಿ ಪ್ರತಿ ಪದಕ್ಕೂ ಬಾಣ ಎಳೆದು ಹಾಳೆಯನ್ನು ಜೇಡರ ಬಲೆ ಮಾಡಿ ತಂದಳು. ಪುಟಕ್ಕೆ ಐದೇ ಬಾಣ ಎಂದು ಮಿತಿ ಹಾಕಿದ ಮೇಲೆ, ಯಾವ ಐದು ಎಂಬ ಆಯ್ಕೆಯೇ ಒಳ್ಳೆಯ ಅಭ್ಯಾಸವಾಯಿತು. ಮೂರನೆಯದು ನನಗೆ ಇನ್ನೂ ಬಗೆಹರಿದಿಲ್ಲ: ಅವಳ ತೀರ್ಮಾನಗಳು ಸರಿ, ಆದರೆ ಓಟವಿಲ್ಲ. ಬೀದಿಯ ಹುಡುಗನ ಕನ್ನಡ ಓದಿದ ಮೇಲೆ ಅವಳದನ್ನು ಓದಿದರೆ ಉಪ್ಪು ಕಡಿಮೆಯಾದ ಸಾರಿನಂತಿರುತ್ತದೆ.

ಒಂದನ್ನೇ ಆರಿಸು ಎಂದರೆ ಮೂರನೆಯದನ್ನು ಆರಿಸುತ್ತೇನೆ. ಆದರೆ ಈಗ ಹೊಸಬರು ಬಂದರೆ ಬಿಡಿ ವಾಕ್ಯಗಳನ್ನು ಎರಡೇ ವಾರ ಮಾಡಿಸುತ್ತೇನೆ, ಬಾಲ ತಿರುಗಿಸುವ ಕಸರತ್ತಿಗೆ ಅಷ್ಟು ಸಾಕು. ಆಮೇಲೆ ಐದು ವಾರ ಬಾಣ. ಬಾಯಲ್ಲಿ ಹೇಳಿಸುವುದು ಕೊನೆಯ ಮೂರು ವಾರ, ಓಟ ಬರಲೆಂದು. ಕನ್ನಡ ಬರೆದು ರೂಢಿಯಿದ್ದವರಾದರೆ ಬಿಡಿ ವಾಕ್ಯ ಬಿಟ್ಟು ನೇರವಾಗಿ ಬಾಣಕ್ಕೆ ಹೋಗುತ್ತೇನೆ. ಬೀದಿಯ ಹುಡುಗ ಈಗಲೂ ಭಾನುವಾರ ಬರುತ್ತಾನೆ, ತಾಯಿಗೆ ಹೇಳಿಯೇ ಬರೆಯುತ್ತಾನೆ. ಒಂದು ಬದಲಾವಣೆ ಮಾತ್ರ ಮಾಡಿಸಿದ್ದೇನೆ: ಹಾಳೆ ಮುಚ್ಚುವ ಮೊದಲು ಅದರಲ್ಲಿರುವ ಸಂಖ್ಯೆಗಳನ್ನೂ ಷರತ್ತುಗಳನ್ನೂ ಅಂಗೈಯಷ್ಟು ಚೀಟಿಯಲ್ಲಿ ಬರೆದು, ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಬೇಕು.