ನೂರು ಟನ್ ರೂಮು ಅಂದ್ರು, ಹಿಡಿದದ್ದು 630 ಕ್ರೇಟ್: ಕೋಲ್ಡ್ ರೂಮ್ ಕಟ್ಟಿಸೋರು ಮೊದಲು ಇದನ್ನು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಚಿಕ್ಕಬಳ್ಳಾಪುರ ಕಡೆ ಆಲೂಗಡ್ಡೆ ಬೆಳೆಯುವ ಇನ್ನೂ ಇಬ್ಬರು ಇದೇ ಕಾಂಟ್ರಾಕ್ಟರ್ ಹತ್ತಿರ ಕೊಟೇಶನ್ ತಗೊಂಡಿದ್ದಾರೆ ಅಂತ ಗೊತ್ತಾಯಿತು. ಹೆಸರು ಹಾಕುವುದಿಲ್ಲ. ಲೆಕ್ಕ ಹಾಕುತ್ತೇನೆ, ನೀವೇ ನೋಡಿ.

ನಾನು ಕಟ್ಟಿಸಿದ್ದು 30 ಅಡಿ ಉದ್ದ, 20 ಅಡಿ ಅಗಲ, 12 ಅಡಿ ಎತ್ತರದ ಒಂದು ಕೋಲ್ಡ್ ರೂಮು. ಕಾಂಟ್ರಾಕ್ಟರ್ ಮನೆಗೆ ಬಂದು, ಕಾಫಿ ಕುಡಿದು, ನನ್ನ ಮುಂದೆಯೇ ಕಾಗದದ ಮೇಲೆ ಲೆಕ್ಕ ಬರೆದರು. 30 ಇಂಟು 20 ಇಂಟು 12, ಒಟ್ಟು 7200 ಘನ ಅಡಿ. ಒಂದು ಟನ್ ಆಲೂಗಡ್ಡೆಗೆ 54 ಘನ ಅಡಿ ಸಾಕು. ಭಾಗಿಸಿದರೆ 133 ಟನ್. "ಓಡಾಡೋಕೆ ಜಾಗ ಬೇಕಲ್ವಾ ಸರ್, ಕಾಲು ಭಾಗ ಬಿಟ್ಟುಬಿಡೋಣ" ಅಂತ ಹೇಳಿ 100 ಟನ್ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದರು. ಕಾಲು ಭಾಗ ಅವರೇ ಬಿಟ್ಟಿದ್ದು ನೋಡಿ ನನಗೆ ನಂಬಿಕೆ ಬಂತು. ಪ್ರಾಮಾಣಿಕ ಮನುಷ್ಯ ಅಂದುಕೊಂಡೆ. ಅಲ್ಲೇ ನಾನು ಮೋಸ ಹೋದದ್ದು.

ನೂರು ಟನ್ ಹಿಡಿಯುತ್ತೆ ಅಂತ ಊರಲ್ಲೆಲ್ಲ ಹೇಳಿಕೊಂಡೆ. ನನ್ನದು 22 ಟನ್. ಅಕ್ಕಪಕ್ಕದ ನಾಲ್ಕು ಜನರ ಹತ್ತಿರ 38 ಟನ್‌ಗೆ ಬಾಡಿಗೆ ಮಾತಾಡಿ ಮುಂಗಡವೂ ತಗೊಂಡೆ. ಒಟ್ಟು 60 ಟನ್. ಇನ್ನೂ 40 ಟನ್ ಜಾಗ ಖಾಲಿ ಇರುತ್ತೆ ಅಂತಲೇ ಲೆಕ್ಕ. ಎರಡು ಸಾವಿರ ಪ್ಲಾಸ್ಟಿಕ್ ಕ್ರೇಟ್ ತರಿಸಿದೆ. 60 ಸೆಂಟಿಮೀಟರ್ ಉದ್ದ, 40 ಅಗಲ, 30 ಎತ್ತರದ ಕ್ರೇಟು. ತೂಕ ಹಾಕಿ ನೋಡಿದಾಗ ಒಂದೊಂದಕ್ಕೆ 30 ಕೆಜಿ ಬಂತು. ಅದಕ್ಕಿಂತ ಜಾಸ್ತಿ ತುಂಬಿದರೆ ಮೇಲಿನ ಕ್ರೇಟು ಗೆಡ್ಡೆಯ ಮೇಲೆ ಕೂತು ಜಜ್ಜುತ್ತೆ.

ಮಾರ್ಚ್‌ನಲ್ಲಿ ತುಂಬೋಕೆ ಶುರು ಮಾಡಿದೆವು. ಪಕ್ಕದ ಊರಿನ ಕೋಲ್ಡ್ ಸ್ಟೋರೇಜ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ನಮ್ಮ ಭಾವ ಬಂದು ಜೋಡಿಸುವ ಕ್ರಮ ಹೇಳಿಕೊಟ್ಟರು. ಗೋಡೆಗೆ ತಾಗಿಸಬೇಡಿ, ಎರಡೂ ಕಡೆ ಎಂಟೆಂಟು ಇಂಚು ಬಿಡಿ. ಮಧ್ಯೆ ನಾಲ್ಕು ಅಡಿ ದಾರಿ. ತಣ್ಣನೆ ಗಾಳಿ ಬಿಡುವ ಯೂನಿಟ್ ಇರುವ ಹಿಂದಿನ ಗೋಡೆಯಿಂದ ಎರಡು ಅಡಿ, ಬಾಗಿಲ ಮುಂದೆ ಐದು ಅಡಿ. ಕೆಳಗೆ ಐದು ಇಂಚಿನ ಮರದ ಪ್ಯಾಲೆಟ್. ಅದರ ಮೇಲೆ ಏಳು ಕ್ರೇಟು, ಅಷ್ಟೇ. ಎಂಟನೆಯದನ್ನು ಎತ್ತೋಕೆ ಹಮಾಲಿಗಳೂ ಒಪ್ಪಲಿಲ್ಲ. 30 ಕೆಜಿಯನ್ನು ತಲೆಗಿಂತ ಮೇಲೆ ದಿನವಿಡೀ ಯಾರು ಎತ್ತುತ್ತಾರೆ ಹೇಳಿ?

ಆರು ಟ್ರಾಲಿ ಇಳಿಸಿದೆವು. ಏಳನೇ ಟ್ರಾಲಿ ಬಾಗಿಲಿಗೆ ಹಿಂದೆ ಹಿಂದೆ ಬಂದು ನಿಂತಾಗ ಒಳಗಿಂದ ಒಬ್ಬ ಹುಡುಗ ಕೂಗಿದ: "ಅಣ್ಣಾ, ಜಾಗ ಮುಗೀತು!"

ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ಒಳಗೆ ಹೋಗಿ ನೋಡಿದೆ. ಮುಗಿದಿತ್ತು. ಎಣಿಸಿದೆ. ದಾರಿಯ ಈ ಕಡೆ ಮೂರು ಸಾಲು, ಆ ಕಡೆ ಮೂರು ಸಾಲು. ಒಂದೊಂದು ಸಾಲಿನಲ್ಲಿ 15 ಅಟ್ಟಿ. ಒಟ್ಟು 90 ಅಟ್ಟಿ, ಏಳೇಳು ಕ್ರೇಟು, 630. ತೂಕ 18.9 ಟನ್. ನೂರು ಟನ್ ರೂಮಿನಲ್ಲಿ ಹತ್ತೊಂಬತ್ತು ಟನ್ ಕೂಡ ಇಲ್ಲ! ನನ್ನದೇ 22 ಟನ್ ಹಿಡಿಯಲಿಲ್ಲ. ಹೊರಗೆ ಬಿಸಿಲಲ್ಲಿ ಟ್ರಾಕ್ಟರ್ ಸಾಲು ನಿಂತಿದೆ, ಮುಂಗಡ ಕೊಟ್ಟ ನಾಲ್ಕೂ ಜನ ಬೇವಿನ ಮರದ ಕೆಳಗೆ ಕೂತು ನನ್ನ ಮುಖ ನೋಡುತ್ತಿದ್ದಾರೆ. ಆ ಹೊತ್ತು ನನಗೆ ಈಗಲೂ ನಿದ್ದೆಯಲ್ಲಿ ಬರುತ್ತೆ.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದೆ. ಮೊದಲ ಉತ್ತರ: "ಸರ್, ನಾನು ಹೇಳಿದ್ದು ರೂಮಿನ ಕೆಪಾಸಿಟಿ. ಕ್ರೇಟ್ ಕೆಪಾಸಿಟಿ ಅಲ್ಲ." ರೂಮಿನಲ್ಲಿ ಕ್ರೇಟ್ ಇಡದೆ ಇನ್ನೇನು ಇಡಲಿ? "ದಾರಿ ಯಾಕೆ ಸರ್ ಅಷ್ಟು ಬಿಟ್ಟಿರಿ? ಹಿಂದಿನಿಂದ ತುಂಬ್ತಾ ಮುಂದೆ ಬನ್ನಿ." ಆಮೇಲೆ, "ಒಳಗೆ ಹನ್ನೊಂದು ಅಡಿ ಎತ್ತರ ಇದೆಯಲ್ಲ, ಸುಮ್ನೆ ಒಂಬತ್ತು ಕ್ರೇಟ್ ಇಡಿ, ಏನೂ ಆಗಲ್ಲ." ಏನೂ ಆಗಲ್ಲ. ಈ ಮಾತು ಮೂರು ಸಲ ಹೇಳಿದರು.

ಹೊರಗೆ ನಿಂತವರಿಗೆ ಮುಖ ತೋರಿಸಲಾರದೆ ನಾನು ಅವರ ಮಾತು ಕೇಳಿದೆ. ಭಾವ ಬೇಡ ಅಂದರು, ನಾನು ಕೇಳಲಿಲ್ಲ. ದಾರಿಯಲ್ಲಿ ಎರಡು ಸಾಲು ಸೇರಿಸಿ 120 ಅಟ್ಟಿ ಮಾಡಿದೆವು. ಹಮಾಲಿಗಳಿಗೆ ಜಾಸ್ತಿ ಕೂಲಿ ಕೊಟ್ಟು ಒಂಬತ್ತು ಕ್ರೇಟು ಎತ್ತರ ಏರಿಸಿದೆವು. 1080 ಕ್ರೇಟು, 32.4 ಟನ್. ಉಸಿರಾಡೋಕೂ ಜಾಗ ಇಲ್ಲದ ಹಾಗೆ ತುಂಬಿದರೂ ನೂರರ ಮೂರನೇ ಒಂದು ಭಾಗ ಆಗಲಿಲ್ಲ. ಉಳಿದ ಟ್ರಾಲಿಗಳನ್ನು ವಾಪಸ್ ಕಳಿಸಿದೆ. ಮುಂಗಡ ವಾಪಸ್ ಕೊಟ್ಟೆ. ಒಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಹದಿನೆಂಟನೇ ದಿನ ಬಾಗಿಲು ತೆಗೆದಾಗ ವಾಸನೆ ಬಂತು. ಹೊರಗಿನ ಡಿಸ್‌ಪ್ಲೇ 4 ಡಿಗ್ರಿ ತೋರಿಸುತ್ತಿತ್ತು. ಅದರ ಸೆನ್ಸರ್ ಇರುವುದು ಯೂನಿಟ್ ಪಕ್ಕದಲ್ಲಿ. ಮಧ್ಯದ ಅಟ್ಟಿಗೆ ಹೋಗಿ ನೋಡೋಣ ಅಂದರೆ ದಾರಿಯೇ ಇಲ್ಲ, ದಾರಿಯಲ್ಲೇ ಕ್ರೇಟು ಇಟ್ಟಿದ್ದೆವಲ್ಲ. ಬಾಗಿಲ ಕಡೆಯಿಂದ ಇಳಿಸುತ್ತಾ ಇಳಿಸುತ್ತಾ ಹೋಗಿ, ಮಧ್ಯದ ಒಂದು ಕ್ರೇಟಿನೊಳಗೆ ಥರ್ಮಾಮೀಟರ್ ತೂರಿಸಿದರೆ 13 ಡಿಗ್ರಿ. ಗೆಡ್ಡೆ ಮುಟ್ಟಿದರೆ ಬೆಚ್ಚಗೆ, ಮೈಮೇಲೆ ನೀರಿನ ಪಸೆ, ಕಣ್ಣಿನಲ್ಲಿ ಬಿಳಿ ಮೊಳಕೆ. ಒಂದು ಗೆಡ್ಡೆ ಹಿಡಿದಾಗ ಬೆರಳು ಒಳಗೇ ಹೋಯಿತು. ಯೂನಿಟ್ ಮುಂದಿನ ಮೇಲಿನ ಸಾಲಿನಲ್ಲಿ ಇದಕ್ಕೆ ಉಲ್ಟಾ. ತಣ್ಣನೆ ಗಾಳಿ ನೇರವಾಗಿ ಬಡಿದು ಗೆಡ್ಡೆ ಹೆಪ್ಪುಗಟ್ಟಿ, ಕೊಯ್ದರೆ ಒಳಗೆ ಕಪ್ಪು.

ಯೂನಿಟ್‌ನ ತಳ ನೆಲದಿಂದ ಒಂಬತ್ತು ಅಡಿಗೆ ಇದೆ. ಒಂಬತ್ತು ಕ್ರೇಟು ಮತ್ತು ಪ್ಯಾಲೆಟ್ ಸೇರಿದರೆ ಒಂಬತ್ತು ಅಡಿ ಮೂರು ಇಂಚು. ಅಂದರೆ ಗಾಳಿ ಹೊರಬರುವ ಬಾಯಿಗೇ ನಾವು ಕ್ರೇಟು ಅಡ್ಡ ಇಟ್ಟಿದ್ದೆವು. ಆಲೂಗಡ್ಡೆ ಒಳಗೆ ಇಟ್ಟ ಮೇಲೂ ಉಸಿರಾಡುತ್ತೆ, ಶಾಖ ಬಿಡುತ್ತೆ. ಸಾಲುಗಳ ನಡುವೆ ಗಾಳಿ ಇಳಿದು, ಕೆಳಗೆ ಪ್ಯಾಲೆಟ್ ಸಂದಿಯಲ್ಲಿ ಹರಿದು, ಯೂನಿಟ್‌ಗೆ ವಾಪಸ್ ಬಂದರೆ ಮಾತ್ರ ಆ ಶಾಖ ಹೋಗುತ್ತೆ. ಆ ಸಂದಿ, ಆ ದಾರಿ, ಆ ಮೇಲಿನ ಖಾಲಿ ಜಾಗ, ಯಾವುದೂ ವ್ಯರ್ಥ ಅಲ್ಲ. ಕಾಂಟ್ರಾಕ್ಟರ್ ನನಗೆ ಮಾರಿದ್ದೇ ಆ ಜಾಗವನ್ನು.

ಆಮೇಲೆ ಭಾವ ರೂಮು ಖಾಲಿ ಮಾಡಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪ್ ಹಿಡಿದು ತಪ್ಪು ಎಲ್ಲೆಲ್ಲಿ ಅಂತ ತೋರಿಸಿದರು.

ಮೊದಲನೆಯದು, 30, 20, 12 ಅನ್ನೋದು ಹೊರಗಿನ ಅಳತೆ. ಗೋಡೆಗೆ ಹಾಕಿದ, ಶಾಖ ತಡೆಯುವ ಪಫ್ ಪ್ಯಾನೆಲ್ ನಾಲ್ಕು ಇಂಚು ದಪ್ಪ. ಎರಡೂ ಕಡೆ ಕಳೆದರೆ ಒಳಗೆ ಉಳಿಯುವುದು 29 ಅಡಿ 4 ಇಂಚು, 19 ಅಡಿ 4 ಇಂಚು. ಮೇಲಿನ ಪ್ಯಾನೆಲ್, ನೆಲದ ಇನ್ಸುಲೇಶನ್, ಅದರ ಮೇಲಿನ ಕಾಂಕ್ರೀಟ್ ಕಳೆದರೆ ಎತ್ತರ 11 ಅಡಿ. 7200 ಅಂದದ್ದು ಸುಮಾರು 6240 ಘನ ಅಡಿ ಆಯಿತು. ಒಂದು ಕ್ರೇಟೂ ಇಡುವ ಮೊದಲೇ ಹತ್ತಿರ ಹತ್ತಿರ ಸಾವಿರ ಘನ ಅಡಿ ಹೋಯಿತು.

ಎರಡನೆಯದೇ ದೊಡ್ಡ ಮೋಸ. ಟನ್ನಿಗೆ 54 ಘನ ಅಡಿ ಅನ್ನೋದು ಆಲೂಗಡ್ಡೆಯನ್ನು ಸಡಿಲವಾಗಿ ರಾಶಿ ಸುರಿದಾಗಿನ ಲೆಕ್ಕ. ಕ್ರೇಟಿನ ಹೊರ ಅಳತೆ ತಗೊಂಡರೆ ಒಂದು ಕ್ರೇಟಿಗೆ ಎರಡೂವರೆ ಘನ ಅಡಿಗಿಂತ ಸ್ವಲ್ಪ ಜಾಸ್ತಿ. ಟನ್ನಿಗೆ 33 ಕ್ರೇಟು ಮತ್ತೆ ಹತ್ತು ಕೆಜಿ ಬೇಕು. ಅಂದರೆ ಕ್ರೇಟಿಗೆ ಕ್ರೇಟು ಅಂಟಿಸಿ ಇಟ್ಟರೂ ಟನ್ನಿಗೆ ಸುಮಾರು 85 ಘನ ಅಡಿ. ಗಾಳಿ ಸಂದಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮೂರನೆಯದು ಆ "ಕಾಲು ಭಾಗ". ಒಳಗಿನ ನೆಲ 567 ಚದರ ಅಡಿ. 90 ಅಟ್ಟಿ ಕೂತಿರುವ ಜಾಗ ಕೂಡಿಸಿದರೆ 232 ಚದರ ಅಡಿ. ಎತ್ತರದಲ್ಲೂ ಹಾಗೇ, 11 ಅಡಿಯಲ್ಲಿ ಕ್ರೇಟು ಇರುವುದು ಏಳು ಅಡಿಗೆ ಒಂದು ಇಂಚು ಕಮ್ಮಿ. ಕಾಂಟ್ರಾಕ್ಟರ್ ಕಾಲು ಭಾಗ ಖಾಲಿ ಬಿಟ್ಟೆ ಅಂದರು, ಎರಡನ್ನೂ ಸೇರಿಸಿ ನೋಡಿದರೆ ನಿಜವಾಗಿ ತುಂಬಿದ್ದೇ ಕಾಲು ಭಾಗ. ಇದನ್ನು ಭಾವ ಹೇಳಿದಾಗ ನಾನು ಆ ಸೀಮೆಸುಣ್ಣದ ಗೆರೆಗಳ ಮಧ್ಯೆ ಹಾಗೇ ಕೂತುಬಿಟ್ಟೆ.

ಮತ್ತೆ ಫೋನ್ ಮಾಡಿ ಈ ಲೆಕ್ಕ ಓದಿ ಹೇಳಿದೆ. ಈ ಸಲದ ಉತ್ತರ: "ಕೊಟೇಶನ್‌ನಲ್ಲಿ ಅಪ್ರಾಕ್ಸ್ ಅಂತ ಬರೆದಿದ್ದೀವಿ ನೋಡಿ ಸರ್." ಹತ್ತೊಂಬತ್ತಕ್ಕೂ ನೂರಕ್ಕೂ ಅಪ್ರಾಕ್ಸ್! ಇನ್ನೊಂದು ಮಾತು ಸೇರಿಸಿದರು, "ಸರ್ಕಾರಿ ಲೆಕ್ಕದಲ್ಲೂ ನಿಮ್ಮದು 50 ಟನ್ ಮೇಲೆ ಬರುತ್ತೆ." ಅದು ನಿಜ. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಟನ್ನಿಗೆ 3.4 ಘನ ಮೀಟರ್, ಅಂದರೆ 120 ಘನ ಅಡಿ ಅಂತ ಲೆಕ್ಕ ಹಿಡಿಯುತ್ತೆ. ಹಾಗೆ ನೋಡಿದರೆ ನನ್ನ ರೂಮು 52 ಟನ್. ಆದರೆ ಮಹಡಿ ಮಹಡಿಯಾಗಿ ರ‍್ಯಾಕ್ ಹಾಕಿ ಮೂಟೆ ಜೋಡಿಸುವ ದೊಡ್ಡ ಸ್ಟೋರೇಜ್‌ಗೆ ಅದು ಹೊಂದುತ್ತೆ. ನನ್ನಂಥ ಪುಟ್ಟ ರೂಮಿನಲ್ಲಿ ಕೈಯಿಂದ ಕ್ರೇಟು ಜೋಡಿಸಿದರೆ ಟನ್ನಿಗೆ 330 ಘನ ಅಡಿ ಹೋಯಿತು. ರೂಮು ಚಿಕ್ಕದಾದಷ್ಟೂ ದಾರಿ ಮತ್ತು ಸಂದಿ ತಿನ್ನುವ ಪಾಲು ಜಾಸ್ತಿ. ಅಲ್ಲದೆ ಸರ್ಕಾರಿ ಲೆಕ್ಕವೇ 52 ಅಂದಾಗ ನೂರು ಎಲ್ಲಿಂದ ಬಂತು? ಇದಕ್ಕೆ ಅವರು ಉತ್ತರ ಕೊಡಲಿಲ್ಲ. ಫೋನ್ ಇಟ್ಟರು.

ಈರುಳ್ಳಿಗೆ ಕಟ್ಟಿಸೋರೂ ಇದೇ ರೀತಿ ಅಟ್ಟಿ ಎಣಿಸಿ. ಈರುಳ್ಳಿ ಹಗುರ, ಅದೇ ಕ್ರೇಟಿನಲ್ಲಿ ತೂಕ ಇನ್ನೂ ಕಮ್ಮಿ ಬರುತ್ತೆ. ನಿಮ್ಮ ಕ್ರೇಟು ತುಂಬಿ ನೀವೇ ತೂಗಿ. ಯಾರಾದರೂ ಟನ್ ಲೆಕ್ಕ ಹೇಳಿದರೆ ಅಲ್ಲೇ ನಿಲ್ಲಿಸಿ. ಒಳ ಅಳತೆ ಬರೆಸಿಕೊಳ್ಳಿ, ಯೂನಿಟ್ ತಳ ನೆಲದಿಂದ ಎಷ್ಟು ಎತ್ತರ ಅಂತ ಬರೆಸಿಕೊಳ್ಳಿ, ದಾರಿ ಮತ್ತು ಸಂದಿ ಹಾಕಿದ ನಕ್ಷೆಯಲ್ಲಿ ಅಟ್ಟಿಗಳನ್ನು ಚೌಕ ಚೌಕ ಬರೆಸಿ ಎಣಿಸಿ. ಅಡ್ವಾನ್ಸ್ ಕೊಡುವ ಮೊದಲು. ಕೊಟ್ಟ ಮೇಲೆ ನನ್ನ ಹಾಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತೆ.

ಕೊನೆಯ ಕಂತು ನಾನಿನ್ನೂ ಕೊಟ್ಟಿಲ್ಲ. ಈಗ ವಾರಕ್ಕೊಮ್ಮೆ ಅವರೇ ಫೋನ್ ಮಾಡುತ್ತಾರೆ. ನಾನು ಹೇಳುವುದು ಒಂದೇ ಮಾತು: "ನಿಮ್ಮ ಲೆಟರ್‌ಹೆಡ್ ಮೇಲೆ 630 ಕ್ರೇಟ್ ಅಂತ ಬರೆದು ಸೀಲ್ ಹಾಕಿ ಕಳಿಸಿ, ಆಮೇಲೆ ದುಡ್ಡಿನ ಮಾತು." ಇವತ್ತಿನವರೆಗೆ ಆ ಕಾಗದ ಬಂದಿಲ್ಲ.